ಹಳೆಯ 1050 ಟಿಐ ಕಾರ್ಡಿನಲ್ಲಿ ಜಿಟಿಎ 5: ಮಿಲಿಸೆಕೆಂಡುಗಳ ಲೆಕ್ಕ ಹಿಡಿದು ಗ್ರಾಫಿಕ್ಸ್ ಸೆಟ್ಟಿಂಗ್ ಆರಿಸುವ ಕ್ರಮ

ಜಿಟಿಎಕ್ಸ್ 1050 ಟಿಐ 2016ರ ಅಕ್ಟೋಬರ್‌ನಲ್ಲಿ ಮಾರುಕಟ್ಟೆಗೆ ಬಂದ, ಎನ್‌ವಿಡಿಯಾದ ಗ್ರಾಫಿಕ್ಸ್ ಕಾರ್ಡ್. ಇದರಲ್ಲಿರುವುದು 768 ಕೋರ್‌ಗಳು ಮತ್ತು 4 ಜಿಬಿ ವಿಡಿಯೋ ಮೆಮೊರಿ. ವಿದ್ಯುತ್ ಬಳಕೆ 75 ವ್ಯಾಟ್‌ನಷ್ಟೇ ಆದ್ದರಿಂದ ಇದರ ಹಲವು ಮಾದರಿಗಳಿಗೆ ಪ್ರತ್ಯೇಕ ಪವರ್ ಕೇಬಲ್ ಬೇಕಾಗುವುದಿಲ್ಲ. ಹಳೆಯ ಆಫೀಸ್ ಕಂಪ್ಯೂಟರಿಗೂ ಇದನ್ನು ಸಿಕ್ಕಿಸಿ ಆಟ ಆಡಬಹುದು ಎಂಬ ಕಾರಣಕ್ಕೇ ಇದು ಅಷ್ಟು ಮನೆಗಳನ್ನು ಸೇರಿತು, ಸೆಕೆಂಡ್ ಹ್ಯಾಂಡ್ ಆಗಿ ಈಗಲೂ ಕೈ ಬದಲಾಗುತ್ತಿದೆ. ಈ ಕಾರ್ಡಿನಲ್ಲಿ, 1080ಪಿ ಮತ್ತು 60 ಹರ್ಟ್ಸ್ ಮಾನಿಟರ್ ಇಟ್ಟುಕೊಂಡು, 2015ರಲ್ಲಿ ಪಿಸಿಗೆ ಬಂದ ಜಿಟಿಎ 5 ಆಟದ ಲೆಗಸಿ ಆವೃತ್ತಿಗೆ ಸೆಟ್ಟಿಂಗ್‌ಗಳನ್ನು ಆರಿಸುವ ಬಗೆಯನ್ನು ಇಲ್ಲಿ ವಿವರಿಸುತ್ತೇನೆ. ಈ ಆಟವನ್ನು ಆರಿಸಿದ್ದಕ್ಕೆ ಕಾರಣವಿದೆ. ಇದರ ಗ್ರಾಫಿಕ್ಸ್ ಮೆನುವಿನಲ್ಲಿ ಪ್ರತಿಯೊಂದು ಅಂಶವನ್ನೂ ಬೇರೆಬೇರೆಯಾಗಿ ಬದಲಿಸಬಹುದು. ಜೊತೆಗೆ ಇದರೊಳಗೇ ಇರುವ, ವೇಗ ಅಳೆಯುವ ಬೆಂಚ್‌ಮಾರ್ಕ್ ತನ್ನ ಫಲಿತಾಂಶವನ್ನು ಮಿಲಿಸೆಕೆಂಡುಗಳಲ್ಲಿ ಬರೆದಿಡುತ್ತದೆ. ಈ ಆಟದಲ್ಲಿ ಕೈ ಪಳಗಿದರೆ ಇತರ ಆಟಗಳ ಮೆನುವನ್ನು ಓದುವುದೂ ಸುಲಭವಾಗುತ್ತದೆ.

ಮೀಡಿಯಂ ಇಡಿ, ಹೈ ಇಡಿ ಎಂಬ ಸಿದ್ಧ ಪಟ್ಟಿಗಳನ್ನು ನಾನು ನಂಬುವುದಿಲ್ಲ. ಪಟ್ಟಿ ಮಾಡಿದವರ ಪ್ರೊಸೆಸರ್ ಬೇರೆ, ರ‍್ಯಾಮ್ ಬೇರೆ, ಅವರು ಅಳತೆ ಮಾಡಿದ ಜಾಗವೂ ಬೇರೆ. ಪ್ರತಿ ಸೆಟ್ಟಿಂಗ್ ನಿಮ್ಮ ಯಂತ್ರದಲ್ಲಿ ಎಷ್ಟು ಸಮಯ ತಿನ್ನುತ್ತದೆ ಎಂದು ನೀವೇ ಅಳೆದು, ಆ ಸಮಯಕ್ಕೆ ಪ್ರತಿಯಾಗಿ ಕಣ್ಣಿಗೆ ಏನು ಸಿಕ್ಕಿತು ಎಂದು ನೋಡಿ ತೀರ್ಮಾನಿಸುವುದೇ ಸರಿಯಾದ ದಾರಿ.

ಎಫ್‌ಪಿಎಸ್‌ಗಿಂತ ಫ್ರೇಮ್ ಟೈಮ್ ನೋಡಬೇಕು

ಪರದೆಯ ಒಂದು ಚಿತ್ರ, ಅಂದರೆ ಒಂದು ಫ್ರೇಮ್, ತಯಾರಾಗಲು ಹಿಡಿಯುವ ಸಮಯವೇ ಫ್ರೇಮ್ ಟೈಮ್. ಸೆಕೆಂಡಿಗೆ 60 ಫ್ರೇಮ್ ಬೇಕಾದರೆ ಪ್ರತಿ ಫ್ರೇಮ್ 16.7 ಮಿಲಿಸೆಕೆಂಡಿನೊಳಗೆ ಮುಗಿಯಬೇಕು. 30 ಫ್ರೇಮ್ ಸಾಕಾದರೆ 33.3 ಮಿಲಿಸೆಕೆಂಡ್ ಸಿಗುತ್ತದೆ. ಸೆಕೆಂಡಿಗೆ ಎಷ್ಟು ಫ್ರೇಮ್ ಎಂಬ ಎಫ್‌ಪಿಎಸ್ ಅಂಕಿಯನ್ನು ಮಾತ್ರ ನೋಡುತ್ತಿದ್ದರೆ ಲೆಕ್ಕ ತಪ್ಪುತ್ತದೆ. 100 ಇದ್ದದ್ದು 90ಕ್ಕೆ ಇಳಿದಾಗ ಹೋದದ್ದು ಸುಮಾರು 1.1 ಮಿಲಿಸೆಕೆಂಡ್ ಮಾತ್ರ, ಆದರೆ 40 ಇದ್ದದ್ದು 30ಕ್ಕೆ ಇಳಿದಾಗ ಹೋದದ್ದು 8.3 ಮಿಲಿಸೆಕೆಂಡ್. ಎರಡರಲ್ಲೂ ಕಡಿಮೆಯಾದದ್ದು ಹತ್ತೇ ಫ್ರೇಮ್ ಆಗಿದ್ದರೂ ಕಾರ್ಡಿನ ಮೇಲೆ ಬಿದ್ದ ಭಾರದಲ್ಲಿ ಅಜಗಜಾಂತರವಿದೆ. ಮಿಲಿಸೆಕೆಂಡುಗಳನ್ನು ಕೂಡಬಹುದು, ಕಳೆಯಬಹುದು. ನೆರಳಿಗೆ ಇಷ್ಟು, ಹುಲ್ಲಿಗೆ ಇಷ್ಟು ಎಂದು ಹಂಚಬಹುದು. ಎಫ್‌ಪಿಎಸ್ ಅಂಕಿಗಳಿಂದ ಈ ಕೆಲಸ ಆಗುವುದಿಲ್ಲ.

ಮೊದಲ ಹಂತ: ಅಳೆಯುವ ವ್ಯವಸ್ಥೆ

ಎಂಎಸ್ಐ ಆಫ್ಟರ್‌ಬರ್ನರ್ ಮತ್ತು ಅದರ ಜೊತೆಗೇ ಬರುವ ರಿವಾಟ್ಯೂನರ್ ಎರಡನ್ನೂ ಹಾಕಿಕೊಳ್ಳಿ. ಆಫ್ಟರ್‌ಬರ್ನರ್‌ನ ಸೆಟ್ಟಿಂಗ್ಸ್‌ನಲ್ಲಿ ಮಾನಿಟರಿಂಗ್ ಪುಟಕ್ಕೆ ಹೋಗಿ ಕಾರ್ಡಿನ ಚಿಪ್ ಆದ ಜಿಪಿಯುವಿನ ಬಳಕೆ, ಕೋರ್ ಕ್ಲಾಕ್, ತಾಪಮಾನ, ವಿಡಿಯೋ ಮೆಮೊರಿ ಬಳಕೆ, ಫ್ರೇಮ್ ಟೈಮ್ ಇವಿಷ್ಟೂ ಪರದೆಯ ಮೇಲೆ ಕಾಣುವಂತೆ ಮಾಡಿ. ಫ್ರೇಮ್ ಟೈಮ್ ಅನ್ನು ಅಂಕಿಯಾಗಿ ಇಡದೆ ಗ್ರಾಫ್ ಆಗಿ ಇಟ್ಟುಕೊಳ್ಳುವುದು ಉತ್ತಮ. ಕ್ಷಣಮಾತ್ರದ ತಡೆಗಳು ಅಂಕಿಯಲ್ಲಿ ಕಾಣುವುದಿಲ್ಲ, ಗೆರೆಯಲ್ಲಿ ಮುಳ್ಳಿನಂತೆ ಎದ್ದು ಕಾಣುತ್ತವೆ.

ಆಟ ಶುರು ಮಾಡುವ ಮೊದಲು ಕೆಲವು ಸಂಗತಿಗಳನ್ನು ನೋಡಿಬಿಡಿ. ಮಾನಿಟರಿನ ಕೇಬಲ್ ಮದರ್‌ಬೋರ್ಡಿಗಲ್ಲ, ಕಾರ್ಡಿಗೇ ಸೇರಿರಬೇಕು. ಹಿನ್ನೆಲೆಯಲ್ಲಿ ಬ್ರೌಸರ್ ತೆರೆದಿರಬಾರದು, ಏಕೆಂದರೆ ಅದೂ ವಿಡಿಯೋ ಮೆಮೊರಿಯನ್ನು ಹಿಡಿದುಕೊಳ್ಳುತ್ತದೆ. ಒಂದೇ ರ‍್ಯಾಮ್ ಕಡ್ಡಿ ಇರುವ ಕಂಪ್ಯೂಟರಿನಲ್ಲಿ ಪ್ರೊಸೆಸರ್ ಬೇಗ ಹಿಂದೆ ಬೀಳುತ್ತದೆ. ಎರಡು ಕಡ್ಡಿ ಹಾಕಿದ ಮೇಲೆ ಸಿಗುವ ಲಾಭವನ್ನು ಯಾವ ಸೆಟ್ಟಿಂಗ್ ಇಳಿಸಿಯೂ ಪಡೆಯಲಾಗದ ಸಂದರ್ಭಗಳಿವೆ. ತಾಪಮಾನ ಏರಿದಂತೆ ಈ ಕಾರ್ಡು ತನ್ನ ಕೋರ್ ಕ್ಲಾಕನ್ನು ತಾನೇ ಇಳಿಸಿಕೊಳ್ಳುತ್ತದೆ. ಆದ್ದರಿಂದ ಹತ್ತು ನಿಮಿಷ ಆಡಿ ಕಾರ್ಡು ಬಿಸಿಯಾದ ಮೇಲೆಯೇ ಅಳತೆ ತೆಗೆಯಬೇಕು. ಬಿಸಿಯಾದಾಗ ಕ್ಲಾಕ್ ತೀರಾ ಕುಸಿಯುತ್ತಿದ್ದರೆ ಮೊದಲು ಫ್ಯಾನಿನ ಧೂಳು ತೆಗೆಯಿರಿ; ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಆಡುವವರಿಗೆ ಇದು ಬಿಡುವಂಥ ಮಾತಲ್ಲ.

ಈ ಸರಣಿಯ ಕಾರ್ಡುಗಳಿಗೆ 2025ರ ಅಕ್ಟೋಬರ್‌ನಿಂದಾಚೆಗೆ ಆಟಗಳಿಗಾಗಿ ಹೊಂದಿಸಿದ ಹೊಸ ಡ್ರೈವರ್‌ಗಳನ್ನು ಎನ್‌ವಿಡಿಯಾ ನಿಲ್ಲಿಸಿದೆ, ಭದ್ರತಾ ಅಪ್‌ಡೇಟ್‌ಗಳಷ್ಟೇ ಮುಂದುವರಿಯುತ್ತವೆ. ಜಿಟಿಎ 5 ಹಳೆಯ ಆಟವಾದ್ದರಿಂದ ಇದರಿಂದ ತೊಂದರೆಯಿಲ್ಲ. 580 ಸರಣಿಯ ಡ್ರೈವರ್ ಸಾಕು.

ಎರಡನೆಯ ಹಂತ: ತಡೆ ಎಲ್ಲಿದೆ ಎಂದು ತಿಳಿಯುವುದು

ಬಹಳಷ್ಟು ಜನರ ಶ್ರಮ ವ್ಯರ್ಥವಾಗುವುದು ಈ ಹಂತವನ್ನು ಬಿಟ್ಟುಬಿಡುವುದರಿಂದ. ಪ್ರತಿ ಫ್ರೇಮಿಗೂ ಪ್ರೊಸೆಸರ್ ಒಂದಷ್ಟು ಕೆಲಸ ಮಾಡುತ್ತದೆ, ಕಾರ್ಡು ಒಂದಷ್ಟು ಮಾಡುತ್ತದೆ, ಮತ್ತು ಇಬ್ಬರಲ್ಲಿ ನಿಧಾನಗತಿಯವರು ಯಾರೋ ಅವರೇ ಫ್ರೇಮ್ ರೇಟನ್ನು ನಿರ್ಧರಿಸುತ್ತಾರೆ. ಫ್ರೇಮ್ ಮಿತಿ ಮತ್ತು ಫ್ರೇಮ್‌ಗಳನ್ನು ಮಾನಿಟರಿನ ಲಯಕ್ಕೆ ಕಟ್ಟುವ ವಿಸಿಂಕ್ ಎರಡನ್ನೂ ತೆಗೆದು ನಗರದ ಮಧ್ಯದಲ್ಲಿ ಕಾರು ಓಡಿಸಿ. ಜಿಪಿಯು ಬಳಕೆ ಶೇ 95ಕ್ಕಿಂತ ಮೇಲೆಯೇ ನಿಂತಿದ್ದರೆ ತಡೆ ಕಾರ್ಡಿನಲ್ಲಿದೆ, ಗ್ರಾಫಿಕ್ಸ್ ಸೆಟ್ಟಿಂಗ್ ಇಳಿಸಿದರೆ ಫಲ ಸಿಗುತ್ತದೆ. ಬಳಕೆ ಶೇ 60, 70ರ ಆಸುಪಾಸಿನಲ್ಲಿದ್ದೂ ಫ್ರೇಮ್ ರೇಟ್ ಏರದಿದ್ದರೆ ತಡೆ ಪ್ರೊಸೆಸರಿನದು. ಆಗ ನೆರಳನ್ನು ಇಳಿಸಿದರೂ ಹುಲ್ಲನ್ನು ಇಳಿಸಿದರೂ ಚಿತ್ರ ಕೆಡುತ್ತದೆಯೇ ಹೊರತು ವೇಗ ಬರುವುದಿಲ್ಲ.

ಅನುಮಾನವಿದ್ದರೆ ರೆಸಲ್ಯೂಶನ್ ಅನ್ನು ಕೆಲ ನಿಮಿಷದ ಮಟ್ಟಿಗೆ 1280×720ಕ್ಕೆ ಇಳಿಸಿ ಅದೇ ರಸ್ತೆಯಲ್ಲಿ ಮತ್ತೆ ಓಡಿಸಿ. ಕಾರ್ಡಿನ ಕೆಲಸ ಅರ್ಧಕ್ಕಿಂತ ಕಡಿಮೆ ಪಿಕ್ಸೆಲ್‌ಗಳಿಗೆ ಇಳಿದರೂ ಫ್ರೇಮ್ ಟೈಮ್ ಅಲ್ಲೇ ಇದ್ದರೆ, ಆ ಸಂಖ್ಯೆಯೇ ನಿಮ್ಮ ಪ್ರೊಸೆಸರಿನ ಮಿತಿ. ಅದನ್ನು ಬರೆದಿಟ್ಟುಕೊಳ್ಳಿ. ಗ್ರಾಫಿಕ್ಸ್ ಸೆಟ್ಟಿಂಗ್‌ಗಳಿಂದ ಅದಕ್ಕಿಂತ ಮುಂದೆ ಹೋಗಲಾಗದು.

ಜಿಟಿಎ 5ರಲ್ಲಿ ಪ್ರೊಸೆಸರಿಗೆ ಭಾರವಾಗುವ ಅಂಶಗಳು ಮುಖ್ಯವಾಗಿ ಪಾಪ್ಯುಲೇಶನ್ ಡೆನ್ಸಿಟಿ, ಡಿಸ್ಟೆನ್ಸ್ ಸ್ಕೇಲಿಂಗ್ ಮತ್ತು ಅಡ್ವಾನ್ಸ್ಡ್ ಗ್ರಾಫಿಕ್ಸ್ ಪುಟದ ಎಕ್ಸ್‌ಟೆಂಡೆಡ್ ಡಿಸ್ಟೆನ್ಸ್ ಸ್ಕೇಲಿಂಗ್. ಬೀದಿಯಲ್ಲಿ ಎಷ್ಟು ಜನ, ಎಷ್ಟು ವಾಹನ, ಎಷ್ಟು ದೂರದ ಕಟ್ಟಡಗಳವರೆಗೆ ಪೂರ್ಣ ವಿವರ ಎಂಬುದನ್ನು ಇವು ತೀರ್ಮಾನಿಸುತ್ತವೆ. ನಾಲ್ಕು ಕೋರಿನ ಹಳೆಯ ಪ್ರೊಸೆಸರ್ ಇದ್ದವರು ಕೊನೆಯದನ್ನು ಸೊನ್ನೆಗೆ ತಂದು, ಮೊದಲಿನ ಎರಡನ್ನು ಅರ್ಧದಿಂದ ಆರಂಭಿಸಿ ಹೊಂದಿಸಿಕೊಳ್ಳಬೇಕು.

ಮೂರನೆಯ ಹಂತ: ವಿಡಿಯೋ ಮೆಮೊರಿಯ ಗಡಿ

ಟೆಕ್ಸ್ಚರ್ ಎಂದರೆ ಗೋಡೆ, ರಸ್ತೆಗಳಂಥ ಮೇಲ್ಮೈಗಳಿಗೆ ಹೊದಿಸುವ ಚಿತ್ರ. ಟೆಕ್ಸ್ಚರ್ ಕ್ವಾಲಿಟಿಯ ಸ್ವಭಾವ ಉಳಿದೆಲ್ಲ ಸೆಟ್ಟಿಂಗ್‌ಗಳಿಗಿಂತ ಬೇರೆ. ಮೆಮೊರಿಯಲ್ಲಿ ಜಾಗವಿರುವವರೆಗೆ ಅದನ್ನು ಏರಿಸಿದರೂ ಫ್ರೇಮ್ ಟೈಮ್ ಹೆಚ್ಚುಕಡಿಮೆ ಬದಲಾಗುವುದಿಲ್ಲ. ಜಾಗ ಮುಗಿದ ಕ್ಷಣದಿಂದ ಆಟ ತಡವರಿಸಲಾರಂಭಿಸುತ್ತದೆ. ಕಾರ್ಡಿನ ಸ್ವಂತ ಮೆಮೊರಿ ಸೆಕೆಂಡಿಗೆ 112 ಜಿಬಿ ವೇಗದಲ್ಲಿ ದತ್ತಾಂಶ ಕೊಡಬಲ್ಲದು. ಅದು ತುಂಬಿದ ಮೇಲೆ ಉಳಿದದ್ದನ್ನು ಕಂಪ್ಯೂಟರಿನ ರ‍್ಯಾಮಿನಿಂದ ಪಿಸಿಐ ಎಕ್ಸ್‌ಪ್ರೆಸ್ ಮೂಲಕ ತರಬೇಕು, ಆ ದಾರಿಯ ವೇಗ ಮೂರನೆಯ ತಲೆಮಾರಿನ 16 ಲೇನ್‌ಗಳಲ್ಲೂ ಸೆಕೆಂಡಿಗೆ ಸುಮಾರು 16 ಜಿಬಿ ಮಾತ್ರ. ಹೀಗಾಗಿ ಸರಾಸರಿ ಎಫ್‌ಪಿಎಸ್ ಚೆನ್ನಾಗಿಯೇ ಕಂಡರೂ ತಿರುವಿನಲ್ಲಿ, ಹೊಸ ಬಡಾವಣೆಗೆ ಹೋದಾಗ ಆಟ ಗಕ್ಕನೆ ನಿಂತು ಮುಂದೆ ಹೋಗುತ್ತದೆ.

ಇದನ್ನು ಗುರುತಿಸುವ ಬಗೆ ಹೀಗಿದೆ. ಆಫ್ಟರ್‌ಬರ್ನರ್‌ನಲ್ಲಿ ಮೆಮೊರಿ ಬಳಕೆ 3,900 ಎಂಬಿಯ ಹತ್ತಿರ ಹೋಗಿ ಅಲ್ಲೇ ಅಂಟಿಕೊಂಡಿರುತ್ತದೆ. ಫ್ರೇಮ್ ಟೈಮ್ ಗೆರೆಯಲ್ಲಿ ಮುಳ್ಳೆದ್ದ ಕ್ಷಣಕ್ಕೇ ಜಿಪಿಯು ಬಳಕೆ ಕೆಳಗೆ ಬೀಳುತ್ತದೆ, ಏಕೆಂದರೆ ಕಾರ್ಡು ದತ್ತಾಂಶಕ್ಕಾಗಿ ಕಾಯುತ್ತಿರುತ್ತದೆ. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್‌ನಲ್ಲಿ ಪರ್ಫಾರ್ಮೆನ್ಸ್ ಪುಟದ ಜಿಪಿಯು ಭಾಗವನ್ನು ತೆರೆದರೆ Shared GPU memory ಎಂಬ ಸಾಲು ಆಟ ಮುಂದುವರಿದಂತೆ ಏರುತ್ತಾ ಹೋಗುವುದು ಕಾಣುತ್ತದೆ. ಈ ಮೂರೂ ಲಕ್ಷಣಗಳು ಒಟ್ಟಿಗೆ ಕಂಡರೆ ಸಂಶಯವಿಲ್ಲ, ಮೆಮೊರಿ ತುಂಬಿದೆ.

ಜಿಟಿಎ 5ರ ಗ್ರಾಫಿಕ್ಸ್ ಮೆನುವಿನ ಮೇಲೆಯೇ ಮೆಮೊರಿ ಬಳಕೆಯ ಅಂದಾಜನ್ನು ತೋರಿಸುವ ಪಟ್ಟಿಯೊಂದಿದೆ. ವಿಂಡೋಸ್ ತನಗಾಗಿ ಒಂದಷ್ಟು ಮೆಮೊರಿ ಹಿಡಿದಿರುವುದರಿಂದ ಆ ಅಂದಾಜು 4 ಜಿಬಿ ಕಾರ್ಡಿನಲ್ಲಿ 3.5 ಜಿಬಿ ದಾಟದಂತೆ ನೋಡಿಕೊಳ್ಳಿ. 1080ಪಿಯಲ್ಲಿ, ಅಂಚುಗಳನ್ನು ನುಣುಪಾಗಿಸುವ ಎಂಎಸ್ಎಎ ಇಲ್ಲದಿದ್ದರೆ, ವೆರಿ ಹೈ ಟೆಕ್ಸ್ಚರ್ ಈ ಮಿತಿಯೊಳಗೆ ಕೂರುತ್ತದೆ, ಹಾಗಾಗಿ ಅದನ್ನೇ ಇಡಿ. ಹೆಸರಿನ ಕೊನೆಯ ಟಿಐ ಇಲ್ಲದ, 2 ಜಿಬಿಯ 1050 ಕಾರ್ಡಾದರೆ ಹೈ ಅಥವಾ ನಾರ್ಮಲ್‌ಗೆ ಇಳಿಯಬೇಕಾಗುತ್ತದೆ. "ಇಗ್ನೋರ್ ಸಜೆಸ್ಟೆಡ್ ಲಿಮಿಟ್ಸ್" ಅನ್ನು ಆನ್ ಮಾಡಿದರೆ ಆ ಗಡಿಯನ್ನು ದಾಟಲು ಆಟ ಬಿಡುತ್ತದೆ. ಆದರೆ ಮೆಮೊರಿ ಅದರಿಂದ ಹೆಚ್ಚಾಗುವುದಿಲ್ಲ, ಆಫ್ ಇರಲಿ.

ನಾಲ್ಕನೆಯ ಹಂತ: ತಳಮಟ್ಟದ ಅಳತೆ

ಟೆಕ್ಸ್ಚರ್ ಬಿಟ್ಟು ಉಳಿದೆಲ್ಲವನ್ನೂ ಅತಿ ಕೆಳಗಿನ ಆಯ್ಕೆಗೆ ಇಳಿಸಿ. ಎಂಎಸ್ಎಎ, ಟೆಸಲೇಶನ್, ಆಂಬಿಯೆಂಟ್ ಅಕ್ಲೂಶನ್, ಮೋಶನ್ ಬ್ಲರ್ ಮತ್ತು ಅಡ್ವಾನ್ಸ್ಡ್ ಗ್ರಾಫಿಕ್ಸ್ ಪುಟದಲ್ಲಿರುವುದೆಲ್ಲವೂ ಆಫ್ ಇರಲಿ. ಎರಡನ್ನು ಮಾತ್ರ ಈಗಲೇ ಏರಿಸಿಬಿಡಬಹುದು: ಆನಿಸೊಟ್ರೊಪಿಕ್ ಫಿಲ್ಟರಿಂಗ್ 16 ಮತ್ತು ಎಫ್ಎಕ್ಸ್ಎಎ. ರಸ್ತೆಯ ಗೆರೆಗಳು ದೂರದವರೆಗೂ ಸ್ಪಷ್ಟವಾಗಿ ಕಾಣುವುದು ಮೊದಲನೆಯದರಿಂದ. ಅಂಚುಗಳ ಮೆಟ್ಟಿಲು ಮೆತ್ತಗಾಗುವುದು ಎರಡನೆಯದರಿಂದ. ಎರಡರ ಬೆಲೆಯೂ ಅತ್ಯಲ್ಪ.

ಈಗ ಗ್ರಾಫಿಕ್ಸ್ ಪುಟದಿಂದಲೇ ಬೆಂಚ್‌ಮಾರ್ಕ್ ಓಡಿಸಿ. ಅದು ಐದು ದೃಶ್ಯಗಳನ್ನು ಓಡಿಸಿ, ಫಲಿತಾಂಶವನ್ನು ಈ ಫೋಲ್ಡರಿನಲ್ಲಿ ಪಠ್ಯ ಕಡತವಾಗಿ ಉಳಿಸುತ್ತದೆ:

```
Documents\Rockstar Games\GTA V\Benchmarks
```

ಕಡತವನ್ನು ತೆರೆದರೆ ಪ್ರತಿ ದೃಶ್ಯದ ಕನಿಷ್ಠ, ಗರಿಷ್ಠ, ಸರಾಸರಿ ಎಫ್‌ಪಿಎಸ್ ಇರುತ್ತದೆ; ಅದರ ಕೆಳಗೆ ಮಿಲಿಸೆಕೆಂಡುಗಳ ಲೆಕ್ಕವೂ, 50ರಿಂದ 99ರವರೆಗಿನ ಪರ್ಸೆಂಟೈಲ್ ಸಾಲುಗಳೂ ಇರುತ್ತವೆ. ಐದನೆಯ ದೃಶ್ಯ ಎಲ್ಲಕ್ಕಿಂತ ದೀರ್ಘವಾದದ್ದು, ನಾನು ಅದನ್ನೇ ಆಧಾರವಾಗಿ ಹಿಡಿಯುತ್ತೇನೆ. ಕಡತದಲ್ಲಿ ಎಣಿಕೆ ಸೊನ್ನೆಯಿಂದ ಶುರುವಾಗುವುದರಿಂದ ಅದು Pass 4 ಎಂದು ಕಾಣುತ್ತದೆ. ಸೆಟ್ಟಿಂಗ್ ಒಂದರ ಬೆಲೆ ತಿಳಿಯಲು ಸರಾಸರಿ ಮಿಲಿಸೆಕೆಂಡ್ ನೋಡಬೇಕು. ಆಟ ಕೈಗೆ ನಯವಾಗಿ ಹತ್ತುತ್ತದೆಯೇ ಎಂದು ತಿಳಿಯಲು 99ನೆಯ ಪರ್ಸೆಂಟೈಲ್ ನೋಡಬೇಕು, ನೂರರಲ್ಲಿ 99 ಫ್ರೇಮ್‌ಗಳು ಆ ಸಮಯದೊಳಗೆ ಮುಗಿದಿರುತ್ತವೆ. ಕನಿಷ್ಠ ಎಫ್‌ಪಿಎಸ್ ಸಾಲನ್ನು ಕಡೆಗಣಿಸಿ, ದೃಶ್ಯ ಲೋಡ್ ಆಗುವಾಗಿನ ಒಂದೇ ಒಂದು ತಡೆಯಿಂದಲೂ ಅದು ಕೆಟ್ಟು ಕಾಣಬಹುದು.

ವಾಹನ ಸಂಚಾರ ಪ್ರತಿ ಸಲ ಒಂದೇ ರೀತಿ ಇರುವುದಿಲ್ಲವಾದ್ದರಿಂದ ಅಳತೆಗಳು ತುಸು ಆಚೀಚೆ ಆಗುತ್ತವೆ. ಏನನ್ನೂ ಬದಲಿಸದೆ ಮೂರು ಸಲ ಓಡಿಸಿ, ಆ ಮೂರರ ನಡುವೆ ಎಷ್ಟು ವ್ಯತ್ಯಾಸ ಬಂತೆಂದು ನೋಡಿಕೊಳ್ಳಿ. ಮುಂದೆ ಯಾವ ಸೆಟ್ಟಿಂಗ್ ಬದಲಿಸಿದಾಗಲೂ ಅದಕ್ಕಿಂತ ಕಡಿಮೆ ವ್ಯತ್ಯಾಸ ಕಂಡರೆ ಅದನ್ನು ಆ ಸೆಟ್ಟಿಂಗಿನ ಬೆಲೆ ಎಂದು ತಿಳಿಯಬಾರದು.

ಐದನೆಯ ಹಂತ: ಒಂದೊಂದಾಗಿ ಏರಿಸಿ ಬೆಲೆ ಕಟ್ಟುವುದು

ಒಂದು ಸಲಕ್ಕೆ ಒಂದೇ ಸೆಟ್ಟಿಂಗನ್ನು ಒಂದು ಮೆಟ್ಟಿಲು ಏರಿಸಿ, ಬೆಂಚ್‌ಮಾರ್ಕ್ ಓಡಿಸಿ, ಸರಾಸರಿ ಮಿಲಿಸೆಕೆಂಡ್ ಬರೆದುಕೊಂಡು, ಮತ್ತೆ ಕೆಳಗಿಳಿಸಿ ಮುಂದಿನದಕ್ಕೆ ಹೋಗಬೇಕು. ಬೇಸರದ ಕೆಲಸ ಹೌದು, ಆದರೆ ಒಂದು ಸಂಜೆಯಲ್ಲಿ ಮುಗಿಯುತ್ತದೆ.

ಲೆಕ್ಕ ಹೇಗೆ ನಡೆಯುತ್ತದೆಂದು ತೋರಿಸಲು ಕೆಲವು ಅಂಕಿಗಳನ್ನು ಕಲ್ಪಿಸಿಕೊಳ್ಳೋಣ. ನಿಮ್ಮ ಯಂತ್ರದ ಅಂಕಿಗಳು ಬೇರೆಯೇ ಇರುತ್ತವೆ. ತಳಮಟ್ಟದಲ್ಲಿ ಸರಾಸರಿ 10.5 ಮಿಲಿಸೆಕೆಂಡ್ ಬಂತು ಎನ್ನಿ. ಗುರಿ 16.7. ಸ್ಫೋಟ, ಮಳೆ, ಜನಸಂದಣಿಗಳಿಗೆಂದು ಎರಡೂವರೆ ಮಿಲಿಸೆಕೆಂಡಿನಷ್ಟನ್ನು ಕಾದಿಟ್ಟರೆ ಸರಾಸರಿ 14.2ರೊಳಗಿರಬೇಕು, ಅಂದರೆ ಖರ್ಚಿಗೆ ಇರುವುದು 3.7 ಮಿಲಿಸೆಕೆಂಡ್. ಅಳೆದಾಗ ಶೇಡರ್ ಕ್ವಾಲಿಟಿ ಹೈಗೆ 0.7, ಶ್ಯಾಡೋ ಕ್ವಾಲಿಟಿ ಹೈಗೆ 0.8, ರಿಫ್ಲೆಕ್ಷನ್ ಹೈಗೆ 0.9, ಪೋಸ್ಟ್ ಎಫ್ಎಕ್ಸ್ ಹೈಗೆ 0.6, ಆಂಬಿಯೆಂಟ್ ಅಕ್ಲೂಶನ್‌ಗೆ 0.6, ಎರಡು ಪಟ್ಟಿನ ಎಂಎಸ್ಎಎಗೆ 3 ಮಿಲಿಸೆಕೆಂಡ್ ಬಂದವು ಎಂದಿಟ್ಟುಕೊಳ್ಳೋಣ. ಮೊದಲ ಐದನ್ನೂ ತೆಗೆದುಕೊಂಡರೆ 3.6 ಆಗುತ್ತದೆ, ಖರ್ಚಿನ ಮಿತಿಗೆ ಸರಿಯಾಗಿ ಹೊಂದುತ್ತದೆ. ಎಂಎಸ್ಎಎ ಒಂದನ್ನೇ ತೆಗೆದುಕೊಂಡರೆ ಉಳಿಯುವುದು 0.7 ಮಾತ್ರ. ಅಂಚುಗಳು ನುಣುಪಾದವೆಂಬ ಒಂದೇ ಲಾಭಕ್ಕೆ ನೆರಳು, ಪ್ರತಿಬಿಂಬ, ನೆಲದ ವಿವರಗಳಲ್ಲಿ ಹೆಚ್ಚಿನವನ್ನು ಕೊಟ್ಟಂತಾಗುತ್ತದೆ. ಈ ತರಗತಿಯ ಕಾರ್ಡಿನಲ್ಲಿ ಎಂಎಸ್ಎಎಗೆ ಜಾಗವಿಲ್ಲ ಎಂದು ನಾನು ಹೇಳುವುದು ಈ ಲೆಕ್ಕದ ಮೇಲೆಯೇ. ರಿಫ್ಲೆಕ್ಷನ್ ಎಂಎಸ್ಎಎಗೂ ಇದೇ ಮಾತು ಅನ್ವಯಿಸುತ್ತದೆ.

ಸೆಟ್ಟಿಂಗ್‌ಗಳ ಬೆಲೆಗಳು ಯಾವಾಗಲೂ ಕರಾರುವಾಕ್ಕಾಗಿ ಕೂಡುವುದಿಲ್ಲ. ಆದ್ದರಿಂದ ಆರಿಸಿದ್ದೆಲ್ಲವನ್ನೂ ಒಟ್ಟಿಗೆ ಏರಿಸಿ ಕೊನೆಗೊಮ್ಮೆ ಅಳೆಯಬೇಕು.

ಯಾವುದನ್ನು ಮೊದಲು ಕೊಳ್ಳಬೇಕು ಎಂಬುದರಲ್ಲಿ ನನ್ನ ಆದ್ಯತೆ ಶೇಡರ್ ಕ್ವಾಲಿಟಿಗೆ. ನಾರ್ಮಲ್‌ನಲ್ಲಿ ನೆಲ, ಗೋಡೆ, ಬಂಡೆಗಳು ಚಪ್ಪಟೆಯಾಗಿ ಕಾಣುತ್ತವೆ, ಮತ್ತು ಆಟದುದ್ದಕ್ಕೂ ಕಣ್ಣೆದುರಿಗಿರುವುದು ನೆಲವೇ. ನಂತರ ನೆರಳನ್ನು ಹೈವರೆಗೆ ಏರಿಸಿ, ಅದರ ಮುಂದಿನ ಮೆಟ್ಟಿಲಿನಲ್ಲಿ ಸಮಯ ಹೆಚ್ಚು ಹೋಗುತ್ತದೆ, ಕಣ್ಣಿಗೆ ಸಿಗುವುದು ಕಡಿಮೆ. ಸಾಫ್ಟ್ ಶ್ಯಾಡೋಸ್ ಕಡಿಮೆ ಆಯ್ಕೆಯಲ್ಲಿಯೇ ಇರಲಿ. ಹೈ ರೆಸಲ್ಯೂಶನ್ ಶ್ಯಾಡೋಸ್ ಸಮಯದ ಜೊತೆಗೆ ವಿಡಿಯೋ ಮೆಮೊರಿಯನ್ನೂ ನುಂಗುವುದರಿಂದ ಅದು ಬೇಡ.

ಹುಲ್ಲಿನ ವಿಷಯ ಪ್ರತ್ಯೇಕವಾಗಿ ಹೇಳಬೇಕು. ನಗರದಲ್ಲಿ ಗ್ರಾಸ್ ಕ್ವಾಲಿಟಿಯನ್ನು ಅಲ್ಟ್ರಾ ಇಟ್ಟರೂ ಏನೂ ಆಗದಂತೆ ತೋರುತ್ತದೆ. ಆಟದ ನಕ್ಷೆಯಲ್ಲಿ ಉತ್ತರಕ್ಕಿರುವ ಬ್ಲೇನ್ ಕೌಂಟಿಯ ಬೆಟ್ಟದ ಇಳಿಜಾರಿಗೆ ಹೋದಾಗ ಅದೇ ಸೆಟ್ಟಿಂಗ್ ಫ್ರೇಮ್ ರೇಟನ್ನು ಅರ್ಧದ ಹತ್ತಿರಕ್ಕೆ ಎಳೆಯಬಲ್ಲದು. ಒಂದರ ಹಿಂದೆ ಒಂದರಂತೆ ಪದರಪದರವಾಗಿ ನಿಂತ ಎಲೆಗಳಿಂದಾಗಿ ಪರದೆಯ ಒಂದೇ ಪಿಕ್ಸೆಲನ್ನು ಕಾರ್ಡು ಮತ್ತೆ ಮತ್ತೆ ಬಿಡಿಸಬೇಕಾಗುತ್ತದೆ. ಬೆಂಚ್‌ಮಾರ್ಕಿನ ದೃಶ್ಯಗಳು ಈ ಭಾರವನ್ನು ಸರಿಯಾಗಿ ತೋರಿಸುವುದಿಲ್ಲ. ಆದ್ದರಿಂದ ಹುಲ್ಲು ದಟ್ಟವಾಗಿರುವ ಇಳಿಜಾರಿನಲ್ಲಿ ಹಗಲು ಹೊತ್ತು ಒಂದೆಡೆ ನಿಂತು, ಕ್ಯಾಮರಾವನ್ನು ಹುಲ್ಲಿನ ಮಟ್ಟಕ್ಕೆ ಇಳಿಸಿ, ನಾರ್ಮಲ್‌ನಲ್ಲಿ ಮತ್ತು ಹೈನಲ್ಲಿ ಫ್ರೇಮ್ ಟೈಮ್ ಎಷ್ಟೆಂದು ಓದಿಕೊಳ್ಳಿ. 16.7 ದಾಟಿದರೆ ನಾರ್ಮಲ್‌ಗೇ ಬನ್ನಿ.

ಗುರಿ ಮುಟ್ಟದಿದ್ದರೆ

ಎಲ್ಲವನ್ನೂ ಇಳಿಸಿದರೂ ಕಾರ್ಡು 16.7ಕ್ಕೆ ಬರದಿದ್ದರೆ, ಅಥವಾ ನೆರಳು ಮತ್ತು ಶೇಡರ್ ಚೆನ್ನಾಗಿರಲೇಬೇಕು ಎನಿಸಿದರೆ, ಪಿಕ್ಸೆಲ್‌ಗಳ ಸಂಖ್ಯೆಯನ್ನು ಇಳಿಸುವುದು ಉಳಿದ ಮಾರ್ಗ. ಜಿಟಿಎ 5ರ ಅಡ್ವಾನ್ಸ್ಡ್ ಗ್ರಾಫಿಕ್ಸ್ ಪುಟದಲ್ಲಿ ಫ್ರೇಮ್ ಸ್ಕೇಲಿಂಗ್ ಮೋಡ್ ಎಂಬುದಿದೆ. ಅದರಲ್ಲಿ 5/6 ಆರಿಸಿದರೆ ಆಟ ಒಳಗೆ 1600×900ರಲ್ಲಿ ಚಿತ್ರ ಬಿಡಿಸಿ 1080ಪಿಗೆ ಹಿಗ್ಗಿಸುತ್ತದೆ. ಬಿಡಿಸಬೇಕಾದ ಪಿಕ್ಸೆಲ್‌ಗಳು ಶೇ 30ರಷ್ಟು ಕಡಿಮೆಯಾಗುತ್ತವೆ. 2/3ಕ್ಕೆ ಹೋದರೆ 1280×720 ಆಗುತ್ತದೆ, ದೂರದ ತಂತಿಗಳೂ ಎಲೆಗಳೂ ಕಲಸಿಹೋಗುತ್ತವೆ. ನನ್ನ ಮಟ್ಟಿಗೆ 5/6ಕ್ಕಿಂತ ಕೆಳಗಿಳಿಯುವ ಬದಲು 30ಕ್ಕೆ ಫ್ರೇಮ್ ಕಟ್ಟಿಹಾಕುವುದು ಮೇಲು.

ಹೊಸ ಆಟಗಳಲ್ಲಿ ಚಿತ್ರ ಹಿಗ್ಗಿಸುವ ಈ ಕೆಲಸಕ್ಕೆ ಎಎಂಡಿಯ ಎಫ್ಎಸ್ಆರ್ ಇರುತ್ತದೆ. ಇದೇ ಕೆಲಸ ಮಾಡುವ ಎನ್‌ವಿಡಿಯಾದ ಡಿಎಲ್ಎಸ್ಎಸ್‌ಗೆ ಆರ್‌ಟಿಎಕ್ಸ್ ಕಾರ್ಡು ಬೇಕು, ಎಫ್ಎಸ್ಆರ್ 2 ಮಾತ್ರ 1050 ಟಿಐನಲ್ಲೂ ಓಡುತ್ತದೆ. ಅದರ ಕ್ವಾಲಿಟಿ ಆಯ್ಕೆ 1080ಪಿ ಪರದೆಗೆ 720ಪಿಯಿಂದ ಚಿತ್ರ ಕಟ್ಟುತ್ತದೆ. ಪರ್ಫಾರ್ಮೆನ್ಸ್ ಆಯ್ಕೆ 960×540ರಿಂದ ಕಟ್ಟುವುದರಿಂದ ಚಲನೆಯಲ್ಲಿ ಚಿತ್ರ ಒಡೆದು ಕಾಣುತ್ತದೆ. ಹಿಗ್ಗಿಸುವ ಕೆಲಸಕ್ಕೂ ಕಾರ್ಡು ಸಮಯ ಕೊಡಬೇಕಾದ್ದರಿಂದ ನಿಜವಾದ 720ಪಿಯಷ್ಟು ವೇಗ ಸಿಗುವುದಿಲ್ಲ.

ಕೊನೆಯ ಹಂತ: ಮಿತಿ ಹಾಕಿ ಪರೀಕ್ಷಿಸುವುದು

ಫ್ರೇಮ್ ರೇಟ್ 52 ಮತ್ತು 75ರ ನಡುವೆ ಹೊಯ್ದಾಡುವುದಕ್ಕಿಂತ 60ರಲ್ಲಿ ನಿಂತಿರುವುದು ಕಣ್ಣಿಗೂ ಕೈಗೂ ಹಿತ. ರಿವಾಟ್ಯೂನರ್‌ನ Framerate limit ನಲ್ಲಿ 60 ಎಂದು ಬರೆಯಿರಿ. ಮಾನಿಟರಿನಲ್ಲಿ ಪರದೆಯ ಲಯವನ್ನೇ ಕಾರ್ಡಿಗೆ ಹೊಂದಿಸುವ ಫ್ರೀಸಿಂಕ್ ಇದ್ದರೆ ಕಾರ್ಡನ್ನು ಡಿಸ್‌ಪ್ಲೇಪೋರ್ಟ್ ಕೇಬಲಿನಿಂದ ಜೋಡಿಸಿ, ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಜಿ-ಸಿಂಕ್ ಆನ್ ಮಾಡಿ. 2019ರಿಂದ ಈ ಕಾರ್ಡಿಗೂ ಆ ಸೌಲಭ್ಯ ಸಿಕ್ಕಿದೆ. ಆಗ ಮಿತಿಯನ್ನು ಮಾನಿಟರಿನ ಹರ್ಟ್ಸ್‌ಗಿಂತ ಎರಡು ಮೂರು ಕಡಿಮೆ ಇಡಬೇಕು, 50ರ ಆಸುಪಾಸಿಗೆ ಇಳಿದರೂ ಅಷ್ಟಾಗಿ ತಿಳಿಯುವುದಿಲ್ಲ. ಫ್ರೀಸಿಂಕ್ ಇಲ್ಲದ 60 ಹರ್ಟ್ಸ್ ಪರದೆಯಲ್ಲಿ 45ಕ್ಕೆ ಮಿತಿ ಹಾಕಬೇಡಿ: ಕೆಲವು ಫ್ರೇಮ್ ಒಂದು ಸಲ, ಕೆಲವು ಎರಡು ಸಲ ಪರದೆಯ ಮೇಲೆ ಬಂದು ಚಲನೆ ಕುಂಟುತ್ತದೆ. ಅಲ್ಲಿ 60 ಇಲ್ಲವೇ 30, ಎರಡೇ ದಾರಿ.

ಆಮೇಲೆ ಅರ್ಧ ಗಂಟೆ ಆಡಿ: ಮಳೆಯ ರಾತ್ರಿಯಲ್ಲಿ ನಗರದ ನಡುವೆ, ಹಗಲಿನಲ್ಲಿ ಬ್ಲೇನ್ ಕೌಂಟಿಯ ಹುಲ್ಲಿನಲ್ಲಿ, ವೇಗದ ಕಾರಿನಲ್ಲಿ ಹೆದ್ದಾರಿಯುದ್ದಕ್ಕೆ. ಗೆರೆಯಲ್ಲಿ ಮುಳ್ಳು ಎದ್ದರೆ ಆ ಕ್ಷಣದ ಜಿಪಿಯು ಬಳಕೆ ಮತ್ತು ಮೆಮೊರಿಯನ್ನು ನೋಡಿ. ಬಳಕೆ ಶೇ 99 ಇದ್ದರೆ ಒಂದು ಗ್ರಾಫಿಕ್ಸ್ ಮೆಟ್ಟಿಲು ಇಳಿಸಿ; ಬಳಕೆ ಬಿದ್ದು ಮೆಮೊರಿ ತುಂಬಿದ್ದರೆ ಟೆಕ್ಸ್ಚರ್ ಇಳಿಸಿ; ಬಳಕೆ ಬಿದ್ದರೂ ಮೆಮೊರಿಯಲ್ಲಿ ಜಾಗವಿದ್ದರೆ ಪ್ರೊಸೆಸರಿನ ಸೆಟ್ಟಿಂಗ್‌ಗಳ ಕಡೆ ಹೋಗಿ. ಮನಸ್ಸಿಗೆ ಒಪ್ಪಿದ ಮೇಲೆ Documents ಒಳಗಿನ ಅದೇ GTA V ಫೋಲ್ಡರಿನಲ್ಲಿರುವ settings.xml ಕಡತದ ಪ್ರತಿಯೊಂದನ್ನು ಬೇರೆಡೆ ಇಟ್ಟುಕೊಳ್ಳಿ, ಆಟವನ್ನು ಮತ್ತೆ ಹಾಕಿದಾಗ ಅಳತೆಯ ಕೆಲಸ ಉಳಿಯುತ್ತದೆ.

ಈ ಕ್ರಮಕ್ಕೂ ಮೀರಿದ ಆಟಗಳಿವೆ. 2024ರ ಇಂಡಿಯಾನಾ ಜೋನ್ಸ್ ಆಟಕ್ಕೆ ರೇ ಟ್ರೇಸಿಂಗ್ ಯಂತ್ರಾಂಶ ಕಡ್ಡಾಯ, 2023ರ ಅಲನ್ ವೇಕ್ 2 ಮೆಶ್ ಶೇಡರ್‌ಗಳನ್ನು ನಂಬಿ ಕಟ್ಟಿದ್ದು. ಈ ಎರಡು ಸೌಲಭ್ಯಗಳೂ 1050 ಟಿಐ ಚಿಪ್‌ನಲ್ಲಿ ಇಲ್ಲ. ಅಂಥ ಆಟ ಕೊಳ್ಳುವ ಮೊದಲು ಅದರ ಕನಿಷ್ಠ ಅಗತ್ಯಗಳ ಪಟ್ಟಿಯಲ್ಲಿ ಈ ಎರಡು ಅಂಶಗಳಿವೆಯೇ ಎಂದು ಓದಿಕೊಳ್ಳಬೇಕು.